ಐದು ವೋಲ್ಟಿನ ಮೇಲೆ ಕುಳಿತ ಇಪ್ಪತ್ತು ಗ್ರಾಂ

ಮಂಡಿಯಲ್ಲಿ ಮೆಣಸಿನಕಾಯಿ ಚೀಲ ಇಡುವ, ನೂರು ಕಿಲೋವರೆಗೆ ತೂಗುವ ಒಂದು ಎಲೆಕ್ಟ್ರಾನಿಕ್ ತಕ್ಕಡಿಯನ್ನು ತೆಗೆದುಕೊಳ್ಳಿ. ಅದರ ಅಂಕಿ 20 ಗ್ರಾಂನ ಹೆಜ್ಜೆಗಳಲ್ಲಿ ಏರುತ್ತದೆ. ತಟ್ಟೆಯ ಕೆಳಗಿರುವುದು ಅಲ್ಯೂಮಿನಿಯಂನ ಒಂದು ದಿಮ್ಮಿ. ಅದೇ ಲೋಡ್ ಸೆಲ್. ಅದರ ಮೈಗೆ ನಾಲ್ಕು ಸ್ಟ್ರೇನ್ ಗೇಜುಗಳನ್ನು ಅಂಟಿಸಿರುತ್ತಾರೆ. ಒಂದೊಂದರ ರೋಧ 350 ಓಮ್. ಭಾರ ಬಿದ್ದಾಗ ದಿಮ್ಮಿ ಬಾಗುತ್ತದೆ, ಎರಡು ಗೇಜುಗಳು ಹಿಗ್ಗುತ್ತವೆ, ಎರಡು ಕುಗ್ಗುತ್ತವೆ. ಪೂರ್ತಿ ನೂರು ಕಿಲೋ ಹೇರಿದರೂ ಒಂದು ಗೇಜಿನ ರೋಧ ಬದಲಾಗುವುದು 0.7 ಓಮ್ ಮಾತ್ರ. ಇಪ್ಪತ್ತು ಗ್ರಾಂ ಅದರ ಐದು ಸಾವಿರದ ಒಂದು ಪಾಲು. ಅಂದರೆ 350 ಓಮ್ ಇದ್ದದ್ದು 350.00014 ಓಮ್ ಆಗುತ್ತದೆ. ತಕ್ಕಡಿ ಇದನ್ನು ಗುರುತಿಸಬೇಕು.

ನಾಲ್ಕು ಗೇಜುಗಳನ್ನು ಬ್ರಿಡ್ಜಾಗಿ ಜೋಡಿಸಿ ಅದಕ್ಕೆ 10 ವೋಲ್ಟ್ ಕೊಟ್ಟರೆ ಹೊರಬರುವ ಎರಡೂ ತಂತಿಗಳ ಮೇಲೆ ಸುಮಾರು 5 ವೋಲ್ಟ್ ಇರುತ್ತದೆ. ಪ್ರತಿ ವೋಲ್ಟಿಗೆ 2 ಮಿಲಿವೋಲ್ಟ್ ಕೊಡುವುದು ಲೋಡ್ ಸೆಲ್ಲುಗಳ ಸಾಮಾನ್ಯ ಅಳತೆ. ಆ ಲೆಕ್ಕದಲ್ಲಿ ನೂರು ಕಿಲೋಗೆ ಎರಡು ತಂತಿಗಳ ನಡುವಿನ ಅಂತರ 20 ಮಿಲಿವೋಲ್ಟ್. ಒಂದು ತಂತಿ 5.010ಕ್ಕೆ ಏರುತ್ತದೆ, ಇನ್ನೊಂದು 4.990ಕ್ಕೆ ಇಳಿಯುತ್ತದೆ. ಇಪ್ಪತ್ತು ಗ್ರಾಂಗೆ ಸಿಗುವ ಅಂತರ 4 ಮೈಕ್ರೋವೋಲ್ಟ್: ಒಂದು ಕಡೆ 5.000002, ಇನ್ನೊಂದು ಕಡೆ 4.999998. ಇಲ್ಲಿ ಐದು ವೋಲ್ಟು ಏನನ್ನೂ ಹೇಳುತ್ತಿಲ್ಲ, ಸುಮ್ಮನೆ ಇದೆ. ಹೇಳಬೇಕಾದ್ದೆಲ್ಲ ಇರುವುದು ಅದರ ಹನ್ನೆರಡೂವರೆ ಲಕ್ಷದ ಒಂದು ಪಾಲಿನಲ್ಲಿ. ಜೋಗದ ಬಂಡೆಯಷ್ಟು, 253 ಮೀಟರ್ ಎತ್ತರದ ಎರಡು ಗೋಡೆಗಳನ್ನು ಅಕ್ಕಪಕ್ಕ ನಿಲ್ಲಿಸಿ, ಯಾವುದು ಎರಡು ಹಾಳೆ ಕಾಗದದಷ್ಟು ಎತ್ತರ ಎಂದು ಕೇಳಿದರೆ ಎಷ್ಟು ಕಷ್ಟವೋ ಇದೂ ಅಷ್ಟೇ ಕಷ್ಟ.

ಎರಡು ತಂತಿಗಳನ್ನೂ ಬೇರೆಬೇರೆಯಾಗಿ 200 ಪಟ್ಟು ಹಿಗ್ಗಿಸಿ ಆಮೇಲೆ ಕಳೆಯೋಣ ಎಂದರೆ ಐದು ವೋಲ್ಟು ಸಾವಿರ ವೋಲ್ಟಾಗಬೇಕು; ಯಾವ ಚಿಪ್ಪೂ ಅದನ್ನು ಕೊಡಲಾರದು. ಒಂದೇ ಆಪ್-ಆ್ಯಂಪ್, ನಾಲ್ಕು ರೆಸಿಸ್ಟರ್ ಇಟ್ಟು ಕಳೆಯುವ ಮತ್ತು ಹಿಗ್ಗಿಸುವ ಕೆಲಸವನ್ನು ಒಟ್ಟಿಗೆ ಮಾಡಿಸಬಹುದು. ಆದರೆ ಆ ನಾಲ್ಕು ರೆಸಿಸ್ಟರುಗಳು ಅಂಗಡಿಯಲ್ಲಿ ಸಿಗುವ ಶೇ. 1ರ ತರದವಾದರೆ, ಅವುಗಳ ತಪ್ಪೆಲ್ಲ ಕೆಟ್ಟ ದಿಕ್ಕಿಗೇ ಸೇರಿದಾಗ, ಎರಡೂ ಕಡೆ ಸಮನಾಗಿರುವ ಐದು ವೋಲ್ಟಿನಲ್ಲಿ ಐದು ಸಾವಿರದ ಒಂದು ಪಾಲು ಸೋರಿ ಅಂತರದಂತೆ ಕಾಣಿಸಿಕೊಳ್ಳುತ್ತದೆ. ಅದು ಒಂದು ಮಿಲಿವೋಲ್ಟ್, ಅಂದರೆ ತಟ್ಟೆ ಖಾಲಿಯಿದ್ದರೂ ಐದು ಕಿಲೋ. ಸೊನ್ನೆ ಗುಂಡಿ ಒತ್ತಿ ಅದನ್ನು ಅಳಿಸಬಹುದು ನಿಜ. ಆದರೆ ಬ್ರಿಡ್ಜಿನ 10 ವೋಲ್ಟು ಶೇಕಡಾ ಒಂದರಷ್ಟು ಅಲುಗಿದರೆ ಸಾಕು, ಆ ಐದು ಕಿಲೋ ತಾನೂ 50 ಗ್ರಾಂನಷ್ಟು ಅಲುಗುತ್ತದೆ. ಜೊತೆಗೆ ಗೇನ್ ಬದಲಿಸಬೇಕಾದರೆ ಎರಡು ರೆಸಿಸ್ಟರುಗಳನ್ನು ಕೂದಲೆಳೆಯೂ ತಪ್ಪದಂತೆ ಒಟ್ಟಿಗೆ ಬದಲಿಸಬೇಕು.

ಇನ್‌ಸ್ಟ್ರುಮೆಂಟೇಷನ್ ಆ್ಯಂಪ್ಲಿಫೈಯರ್ ಈ ಗಂಟನ್ನು ಮೂರು ಆಪ್-ಆ್ಯಂಪ್‌ಗಳಿಂದ ಬಿಡಿಸುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಐಎನ್‌ಎ128 ಎಂಬ ಎಂಟು ಕಾಲಿನ ಚಿಪ್ಪನ್ನೇ ನೋಡೋಣ. ಲೋಡ್ ಸೆಲ್ಲಿನ ಒಂದೊಂದು ತಂತಿ ಒಂದೊಂದು ಆಪ್-ಆ್ಯಂಪ್‌ನ ಪ್ಲಸ್ ಕಾಲಿಗೆ ಹೋಗುತ್ತದೆ. ಎರಡಕ್ಕೂ ತಮ್ಮ ಔಟ್‌ಪುಟ್‌ನಿಂದ ತಮ್ಮ ಮೈನಸ್ ಕಾಲಿಗೆ ಒಂದೊಂದು 25 ಕಿಲೋ ಓಮ್ ರೆಸಿಸ್ಟರ್ ಇದೆ. ಆ ಎರಡು ಮೈನಸ್ ಕಾಲುಗಳ ನಡುವೆ ಒಂದೇ ಒಂದು ರೆಸಿಸ್ಟರ್, RG. ಇದು ಚಿಪ್ಪಿನ ಹೊರಗೆ, ನಾವು ಬೆಸೆಯುವಂಥದ್ದು. ಅದರ ಯಾವ ತುದಿಯೂ ನೆಲಕ್ಕೆ, ಅಂದರೆ ಗ್ರೌಂಡಿಗೆ, ಹೋಗುವುದಿಲ್ಲ. ಇಡೀ ಕೌಶಲ ಇರುವುದು ಅಲ್ಲೇ.

ಆಪ್-ಆ್ಯಂಪ್ ತನ್ನ ಪ್ಲಸ್ ಮತ್ತು ಮೈನಸ್ ಕಾಲುಗಳು ಸಮನಾಗುವವರೆಗೂ ತನ್ನ ಔಟ್‌ಪುಟ್ಟನ್ನು ಸರಿಸುತ್ತಿರುತ್ತದೆ. ಹೀಗಾಗಿ ಒಂದು ತಂತಿಯ ವೋಲ್ಟೇಜು RGಯ ಒಂದು ತುದಿಗೆ, ಇನ್ನೊಂದು ತಂತಿಯದು ಇನ್ನೊಂದು ತುದಿಗೆ ಬಂದು ಕೂರುತ್ತದೆ. ತಟ್ಟೆ ಖಾಲಿಯಿದ್ದಾಗ ಎರಡು ತುದಿಯಲ್ಲೂ 5 ವೋಲ್ಟ್. ಎರಡೂ ಸಮನಾದ್ದರಿಂದ RGಯಲ್ಲಿ ಕರೆಂಟೇ ಇಲ್ಲ. RGಯಲ್ಲಿ ಇಲ್ಲದ ಕರೆಂಟು 25 ಕಿಲೋ ಓಮ್‌ಗಳಲ್ಲೂ ಇರಲಾರದು. ಹಾಗಾಗಿ ಎರಡು ಔಟ್‌ಪುಟ್‌ಗಳಲ್ಲೂ ಅದೇ 5 ವೋಲ್ಟ್. ಸಮಾನವಾದ ವೋಲ್ಟೇಜಿಗೆ ಈ ಹಂತದ ಗೇನ್ 1 ಮಾತ್ರ. 25 ಕಿಲೋ ಓಮ್‌ಗಳು ಒಂದಕ್ಕೊಂದು ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ಈ ಮಾತು ಬದಲಾಗುವುದಿಲ್ಲ, ಏಕೆಂದರೆ ಅವುಗಳಲ್ಲಿ ಹರಿಯುವುದಕ್ಕೇ ಏನೂ ಇಲ್ಲ.

ಈಗ ನೂರು ಕಿಲೋ ಇಡಿ. RG 249 ಓಮ್ ಇರಲಿ. ಅದರ ಎರಡು ತುದಿಗಳ ನಡುವೆ 20 ಮಿಲಿವೋಲ್ಟ್ ಬಂತು, 80.3 ಮೈಕ್ರೋಆಂಪಿಯರ್ ಹರಿಯಿತು. ಆ ಕರೆಂಟಿಗೆ ಎರಡು 25 ಕಿಲೋ ಓಮ್‌ಗಳನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಒಂದೊಂದರಲ್ಲೂ 2.008 ವೋಲ್ಟ್ ಬೀಳುತ್ತದೆ. ಮೇಲಿನ ಔಟ್‌ಪುಟ್ ಸುಮಾರು 7 ವೋಲ್ಟಿಗೆ ಏರಿತು, ಕೆಳಗಿನದು 3 ವೋಲ್ಟಿಗೆ ಇಳಿಯಿತು. ಮೂರನೆಯ ಆಪ್-ಆ್ಯಂಪ್, 40 ಕಿಲೋ ಓಮ್‌ನ ನಾಲ್ಕು ರೆಸಿಸ್ಟರುಗಳೊಂದಿಗೆ, ಒಂದರಿಂದ ಇನ್ನೊಂದನ್ನು ಕಳೆದು 4.036 ವೋಲ್ಟ್ ಕೊಡುತ್ತದೆ. ಲೆಕ್ಕ ಹೀಗೆ:

```
G = 1 + 50000 / RG
  = 1 + 50000 / 249
  = 201.8
```

ಐವತ್ತು ಸಾವಿರ ಎಂದರೆ ಒಳಗಿನ ಎರಡು 25 ಕಿಲೋ ಓಮ್‌ಗಳ ಮೊತ್ತ. ಇಪ್ಪತ್ತು ಗ್ರಾಂಗೆ RGಯಲ್ಲಿ ಹರಿಯುವುದು 16 ನ್ಯಾನೋಆಂಪಿಯರ್. ಎಣಿಸಿದರೆ ಸೆಕೆಂಡಿಗೆ ಹತ್ತು ಸಾವಿರ ಕೋಟಿ ಎಲೆಕ್ಟ್ರಾನುಗಳು. ಅಷ್ಟು ಹರಿದರೂ ಹೊರಗೆ ಸಿಗುವುದು 0.8 ಮಿಲಿವೋಲ್ಟ್. ಆದರೆ ಈಗ ಅದು ಐದು ವೋಲ್ಟಿನ ಮೇಲೆ ಕುಳಿತಿಲ್ಲ, ಸೊನ್ನೆಯಿಂದ ಅಳೆಯುವ ವೋಲ್ಟೇಜಾಗಿದೆ.

ಸೂತ್ರ ಸರಳವಾದರೂ ಅದರ ಹರವು ದೊಡ್ಡದು. RG ಇಲ್ಲದೆ ಹಾಗೇ ಬಿಟ್ಟರೆ ಗೇನ್ 1. 5.556 ಕಿಲೋ ಓಮ್ ಇಟ್ಟರೆ 10. 505 ಓಮ್‌ಗೆ 100. 50 ಓಮ್‌ಗೆ ಸಾವಿರ. 5 ಓಮ್‌ಗೆ ಹತ್ತು ಸಾವಿರ. ಬದಲಿಸಿದ್ದು ಒಂದೇ ಬಿಡಿಭಾಗ, ಮಿಕ್ಕ ಆರು ರೆಸಿಸ್ಟರುಗಳನ್ನು ಯಾರೂ ಮುಟ್ಟಲಿಲ್ಲ. ಕಳೆಯುವ ಹಂತದ ನಾಲ್ಕನ್ನು ಕಾರ್ಖಾನೆಯಲ್ಲೇ ಲೇಸರಿನಿಂದ ಸವರಿ ಸರಿಮಾಡಿರುತ್ತಾರೆ. ಆ ಸರಿತನ ಗೇನ್ ಬದಲಾದರೂ ಕೆಡುವುದಿಲ್ಲ.

ಅದೆಷ್ಟು ಸರಿ ಎಂಬುದು ಡೇಟಾಶೀಟಿನ ಮೂರು ಸಂಖ್ಯೆಗಳಲ್ಲಿ ಕಾಣುತ್ತದೆ. ಸಮಾನ ವೋಲ್ಟೇಜನ್ನು ತಡೆಯುವ ಶಕ್ತಿ ಗೇನ್ 1ರಲ್ಲಿ ಕನಿಷ್ಠ 80 ಡೆಸಿಬಲ್, 10ರಲ್ಲಿ 100, 100ರಲ್ಲಿ 120. ಎಂಬತ್ತು ಡೆಸಿಬಲ್ ಎಂದರೆ ಹತ್ತು ಸಾವಿರಕ್ಕೆ ಒಂದು, ನೂರು ಎಂದರೆ ಲಕ್ಷಕ್ಕೆ ಒಂದು, ನೂರಿಪ್ಪತ್ತು ಎಂದರೆ ಹತ್ತು ಲಕ್ಷಕ್ಕೆ ಒಂದು. ಗೇನ್ ಹತ್ತು ಪಟ್ಟಾದಂತೆ ತಡೆಯೂ ಹತ್ತು ಪಟ್ಟು. ಮೊದಲ ಹಂತ ಅಂತರವನ್ನು ಹಿಗ್ಗಿಸುತ್ತದೆ, ಸಮಾನವಾದದ್ದನ್ನು ಇದ್ದಂತೆಯೇ ಬಿಡುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ. ಸೋರಿಕೆಗೆಲ್ಲ ರೆಸಿಸ್ಟರುಗಳೇ ಕಾರಣ ಎಂದುಕೊಂಡು ಎಂಬತ್ತು ಡೆಸಿಬಲ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿದರೆ, ಆ 40 ಕಿಲೋ ಓಮ್‌ಗಳು ಒಂದೊಂದೂ ಎರಡು ಓಮ್‌ಗಿಂತ ಹೆಚ್ಚು ತಪ್ಪಿರುವಂತಿಲ್ಲ. ನಮ್ಮ ತಕ್ಕಡಿಯಲ್ಲಿ 5 ವೋಲ್ಟಿನಿಂದ ಸೋರುವುದು ಹೆಚ್ಚೆಂದರೆ 5 ಮೈಕ್ರೋವೋಲ್ಟ್, ಅಂದರೆ 25 ಗ್ರಾಂ. ಹಿಂದಿನ ಲೆಕ್ಕದಲ್ಲಿ ಅದೇ ಐದು ಕಿಲೋ ಇತ್ತು. ಬ್ರಿಡ್ಜಿನ ವೋಲ್ಟೇಜು ಶೇಕಡಾ ಒಂದರಷ್ಟು ಅಲುಗಿದರೆ ಈ ಸೋರಿಕೆ ಅಲುಗುವುದು ಕಾಲು ಗ್ರಾಂ.

ಗೇನಿನ ಅಧಿಕಾರವೆಲ್ಲ ಒಂದೇ ರೆಸಿಸ್ಟರಿಗೆ ಹೋದದ್ದರಿಂದ ಅದರ ಪ್ರತಿಯೊಂದು ದೋಷವೂ ನೇರವಾಗಿ ತೂಕಕ್ಕೆ ಬರುತ್ತದೆ. 249 ಓಮ್‌ನ ಜೊತೆ ಸರಿಯಾಗಿ ಕೂರದ ಬೆಸುಗೆಯೊಂದು 0.05 ಓಮ್ ಸೇರಿಸಿತು ಎನ್ನಿ. ಅದು ಐದು ಸಾವಿರದ ಒಂದು ಪಾಲು: ನೂರು ಕಿಲೋದಲ್ಲಿ 20 ಗ್ರಾಂ, ಒಂದು ಪೂರ್ತಿ ಹೆಜ್ಜೆ. ಹತ್ತು ಸಾವಿರದ ಗೇನಿನಲ್ಲಿ ಅದೇ 0.05 ಓಮ್ ಶೇಕಡಾ ಒಂದು ತಪ್ಪು ತರುತ್ತದೆ. ಬಿಸಿಯ ಲೆಕ್ಕವೂ ಹಾಗೆಯೇ. ಡಿಗ್ರಿಗೆ ಹತ್ತು ಲಕ್ಷಕ್ಕೆ ನೂರರಷ್ಟು ಬದಲಾಗುವ ಸಾಮಾನ್ಯ ರೆಸಿಸ್ಟರ್, ಬೆಳಗಿನಿಂದ ಮಧ್ಯಾಹ್ನಕ್ಕೆ ಇಪ್ಪತ್ತು ಡಿಗ್ರಿ ಬಿಸಿಯಾದರೆ ನೂರು ಕಿಲೋ ಚೀಲಕ್ಕೆ 200 ಗ್ರಾಂ ವ್ಯತ್ಯಾಸ ತರುತ್ತದೆ. ಹತ್ತು ಲಕ್ಷಕ್ಕೆ ಹತ್ತರಷ್ಟೇ ಬದಲಾಗುವುದನ್ನು ಹಾಕಿದರೆ 20 ಗ್ರಾಂ. ಆಮೇಲೆ ಉಳಿಯುವುದು ಒಳಗಿನ 25 ಕಿಲೋ ಓಮ್‌ಗಳ ಬಿಸಿ. ಅದನ್ನು ನಾವು ಆರಿಸಲಾಗದು, ಅದು ಚಿಪ್ಪಿನ ಮಿತಿ.

ಕೆಟ್ಟಾಗ ಏನಾಗುತ್ತದೆ ಎಂಬುದನ್ನೂ ಸೂತ್ರವೇ ಹೇಳುತ್ತದೆ. RGಯ ಬೆಸುಗೆ ಪೂರ್ತಿ ಬಿಟ್ಟರೆ ಗೇನ್ 1ಕ್ಕೆ ಇಳಿದು ನೂರು ಕಿಲೋ ಚೀಲ ಅರ್ಧ ಕಿಲೋ ಎಂದು ತೋರುತ್ತದೆ. RGಯ ಎರಡು ತುದಿಗಳು ಕೂಡಿಕೊಂಡರೆ ಔಟ್‌ಪುಟ್ ಮೇಲಕ್ಕೋ ಕೆಳಕ್ಕೋ ಹೋಗಿ ಅಂಟಿಕೊಳ್ಳುತ್ತದೆ. ಇವೆರಡನ್ನೂ ಹಿಡಿಯುವುದು ಸುಲಭ. ಮೋಸ ಮಾಡುವುದು ಮೂರನೆಯದು. ಚಿಪ್ಪಿಗೆ ಪ್ಲಸ್ ಮೈನಸ್ 8 ವೋಲ್ಟ್ ಮಾತ್ರ ಕೊಟ್ಟಿದ್ದೀರಿ ಎನ್ನಿ. ಕೊನೆಯ ಔಟ್‌ಪುಟ್ ಬೇಡುವುದು ನಾಲ್ಕೇ ವೋಲ್ಟಾದ್ದರಿಂದ ಧಾರಾಳವಾಗಿದೆ ಅನ್ನಿಸುತ್ತದೆ. ಆದರೆ ಒಳಗೆ ಮೊದಲ ಆಪ್-ಆ್ಯಂಪ್ 7 ವೋಲ್ಟಿಗೆ ಏರಬೇಕು, ಅದು ಏರಬಲ್ಲದ್ದು ಸುಮಾರು 6.6ರವರೆಗೆ. ಎಂಬತ್ತು ಕಿಲೋ ಸುಮಾರಿಗೆ ಅದು ನಿಂತುಬಿಡುತ್ತದೆ, RGಯ ಕರೆಂಟೂ ಅಲ್ಲೇ ನಿಲ್ಲುತ್ತದೆ. ತಕ್ಕಡಿ ಎಂಬತ್ತರ ಆಚೆಗೆ ಕದಲುವುದಿಲ್ಲ, ಹೊರಗಿನ ಔಟ್‌ಪುಟ್ ಮಾತ್ರ 3.2 ವೋಲ್ಟಿನಲ್ಲಿ ಆರೋಗ್ಯವಾಗಿಯೇ ಕಾಣುತ್ತದೆ. ಪತ್ತೆ ಮಾಡಲು ಮಲ್ಟಿಮೀಟರನ್ನು RGಯ ಎರಡು ತುದಿಗೆ ಇಡಿ. ಲೋಡ್ ಸೆಲ್ಲಿನ ತಂತಿಗಳ ನಡುವೆ 20 ಮಿಲಿವೋಲ್ಟ್ ಇದ್ದರೆ ಇಲ್ಲೂ 20 ಇರಬೇಕು. 16 ಮಾತ್ರ ಇದ್ದರೆ ಒಳಗೆ ಒಂದು ಆಪ್-ಆ್ಯಂಪ್ ಕೈಚೆಲ್ಲಿದೆ ಎಂದೇ ಅರ್ಥ.

ಇಷ್ಟೆಲ್ಲ ಸರಿಯಿದ್ದ ಮೇಲೂ ಒಂದು ಮಿತಿ ಉಳಿಯುತ್ತದೆ. ಚಿಪ್ಪಿನ ಒಳಗೇ ಹುಟ್ಟುವ ಸುಳ್ಳು ಅಂತರ ಈ ಗೇನಿನಲ್ಲಿ ಡಿಗ್ರಿಗೆ ಗರಿಷ್ಠ 0.6 ಮೈಕ್ರೋವೋಲ್ಟ್ ಸರಿಯಬಹುದು, ಅಂದರೆ 3 ಗ್ರಾಂ. ಇಪ್ಪತ್ತು ಡಿಗ್ರಿಗೆ 60 ಗ್ರಾಂ, ಮೂರು ಹೆಜ್ಜೆ. RG ಎಷ್ಟೇ ಒಳ್ಳೆಯದಿದ್ದರೂ ಇದನ್ನು ತಡೆಯಲಾರದು, ಏಕೆಂದರೆ ಅದು ನಿಜವಾದ ಅಂತರವನ್ನು ಹಿಗ್ಗಿಸಿದಷ್ಟೇ ನಿಷ್ಠೆಯಿಂದ ಈ ಸುಳ್ಳನ್ನೂ 201.8 ಪಟ್ಟು ಹಿಗ್ಗಿಸುತ್ತದೆ. ಆದ್ದರಿಂದ ಬಿಸಿಲೇರಿದ ಮೇಲೆ ತೂಗುವವರು ತಟ್ಟೆ ಖಾಲಿ ಮಾಡಿ ಸೊನ್ನೆ ಗುಂಡಿಯನ್ನು ಮತ್ತೊಮ್ಮೆ ಒತ್ತಲೇಬೇಕು. ಐದು ವೋಲ್ಟನ್ನು ಮರೆಸುವ ಕೆಲಸ ಚಿಪ್ಪಿನದು, ಡಿಗ್ರಿಗೆ ಮೂರು ಗ್ರಾಂನಂತೆ ಸರಿಯುವ ಈ ಸುಳ್ಳನ್ನು ಮರೆಸುವ ಕೆಲಸ ಆ ಬೆರಳಿನದು.