ಜರ್ಮನಿಯ ಸಂಬಳದ ಚೀಟಿ ಕನ್ನಡಕ್ಕೆ ಬರುವಾಗ

ಮ್ಯೂನಿಕ್‌ನಲ್ಲೋ ಸ್ಟುಟ್‌ಗಾರ್ಟ್‌ನಲ್ಲೋ ಕೆಲಸದಲ್ಲಿರುವ ಮಗ ಊರಿನಲ್ಲಿ ಮನೆ ಸಾಲಕ್ಕೆ ಅರ್ಜಿ ಹಾಕುತ್ತಾನೆ. ಬ್ಯಾಂಕಿನವರು ಸಂಬಳದ ಚೀಟಿ ಕೇಳುತ್ತಾರೆ. ಅವನು ಮೊಬೈಲಿನಲ್ಲಿ ಫೋಟೊ ತೆಗೆದು ಅಪ್ಪನಿಗೆ ಕಳಿಸುತ್ತಾನೆ. ಚೀಟಿ ಪೂರ್ತಿ ಜರ್ಮನ್ ಭಾಷೆಯಲ್ಲಿದೆ. ಅದನ್ನು ಮನೆಯವರಿಗೆ ಅರ್ಥವಾಗುವಂತೆ ಬರೆದುಕೊಡುವವರು ಎಡವುವುದು ಹೆಚ್ಚಾಗಿ ಪದಗಳಲ್ಲಲ್ಲ, ಅಂಕಿಗಳ ನಡುವಿನ ಚುಕ್ಕಿಯಲ್ಲಿ.

ಜರ್ಮನಿಯಲ್ಲಿ ಸಾವಿರವನ್ನು ಬೇರ್ಪಡಿಸಲು ಚುಕ್ಕಿ ಹಾಕುತ್ತಾರೆ, ದಶಾಂಶಕ್ಕೆ ಅಲ್ಪವಿರಾಮ. ಚೀಟಿಯಲ್ಲಿ 4.200,00 ಎಂದಿದ್ದರೆ ಅದು ನಾಲ್ಕು ಸಾವಿರದ ಇನ್ನೂರು ಯೂರೊ. ನಮ್ಮ ಕಣ್ಣಿಗೆ ಅದು ನಾಲ್ಕು ಯೂರೊ ಚಿಲ್ಲರೆಯಂತೆ ಕಾಣುತ್ತದೆ. ಅದಕ್ಕೆಂದು ತಿದ್ದಿ ಬರೆಯಬೇಡಿ. ಇದ್ದದ್ದನ್ನು ಇದ್ದ ಹಾಗೆಯೇ ಇಳಿಸಿ, ಹಾಳೆಯ ಮೇಲ್ಭಾಗದಲ್ಲಿ ಈ ಪದ್ಧತಿಯನ್ನು ಒಂದು ವಾಕ್ಯದಲ್ಲಿ ತಿಳಿಸಿದರೆ ಮೂಲದೊಂದಿಗೆ ಹೋಲಿಸಿ ನೋಡುವವರಿಗೆ ಗೊಂದಲವಾಗದು. ರೂಪಾಯಿ ಲೆಕ್ಕವನ್ನೂ ಅದರೊಳಗೆ ಸೇರಿಸಬಾರದು. ಬೇಕೆಂದರೆ ಬೇರೆ ಹಾಳೆಯಲ್ಲಿ, ಯಾವ ದಿನದ ದರ ಎಂದು ನಮೂದಿಸಿ ಬರೆಯಿರಿ.

ಉದಾಹರಣೆಗೆ, ಮಕ್ಕಳಿಲ್ಲದ ಅವಿವಾಹಿತ ಎಂಜಿನಿಯರೊಬ್ಬನ 2025ರ ಏಪ್ರಿಲ್ ಚೀಟಿ ಎಂದಿಟ್ಟುಕೊಳ್ಳೋಣ. ‘ಬ್ರುಟ್ಟೊ’ ಎಂಬ ಸಾಲಿನಲ್ಲಿ 4.200,00 ಇದೆ, ಅದು ಕಡಿತಕ್ಕೆ ಮೊದಲಿನ ಒಟ್ಟು ಸಂಬಳ. ಕೆಳಗೆ ‘ಲೋನ್‌ಷ್ಟೋಯರ್’ 585,66. ಇದು ಸಂಬಳದ ಮೇಲಿನ ಆದಾಯ ತೆರಿಗೆ. ನಮ್ಮಲ್ಲಿ ಟಿಡಿಎಸ್ ಹಿಡಿಯುವಂತೆ ಅಲ್ಲಿಯೂ ಮಾಲೀಕನೇ ಹಿಡಿದು ಸರ್ಕಾರಕ್ಕೆ ಕಟ್ಟುತ್ತಾನೆ. ಪಕ್ಕದಲ್ಲಿ ಚರ್ಚ್ ತೆರಿಗೆಯ ಸಾಲು ಖಾಲಿ ಇರಬಹುದು. ತೆರಿಗೆ ಪಡೆಯುವ ಧಾರ್ಮಿಕ ಸಂಸ್ಥೆಯ ಸದಸ್ಯರಲ್ಲದವರಿಂದ ಅದನ್ನು ಹಿಡಿಯುವುದಿಲ್ಲ. ಖಾಲಿ ಇದ್ದ ಸಾಲನ್ನು ಖಾಲಿಯೆಂದೇ ತೋರಿಸಿ, ಬಿಟ್ಟುಬಿಡಬೇಡಿ.

ಆಮೇಲೆ ಬರುವುದು ಎರಡೆರಡು ಅಕ್ಷರಗಳ ನಾಲ್ಕು ಸಾಲು. ಕೆವಿ 359,10 ಆರೋಗ್ಯ ವಿಮೆಗೆ; ಆರ್‌ವಿ 390,60 ಪಿಂಚಣಿ ವಿಮೆಗೆ; ಎವಿ 54,60 ನಿರುದ್ಯೋಗ ವಿಮೆಗೆ; ಪಿವಿ 100,80 ವೃದ್ಧಾಪ್ಯ ಅಥವಾ ದೀರ್ಘ ಕಾಯಿಲೆಯಲ್ಲಿ ಆರೈಕೆ ಕೊಡಿಸುವ ವಿಮೆಗೆ. ಕೊನೆಯದಕ್ಕೆ ಮಕ್ಕಳಿಲ್ಲದವರು ಸ್ವಲ್ಪ ಹೆಚ್ಚು ಕಟ್ಟುತ್ತಾರೆ. ಇಲ್ಲಿ ಅನೇಕರು ಆರ್‌ವಿಯನ್ನು ‘ಪಿಎಫ್’ ಎಂದು ಬರೆದುಬಿಡುತ್ತಾರೆ. ಅದು ತಪ್ಪು. ಪಿಎಫ್ ನೌಕರನ ಹೆಸರಿನ ಖಾತೆಯಲ್ಲಿ ಬೆಳೆಯುವ ಹಣ. ಜರ್ಮನಿಯ ಪಿಂಚಣಿ ವಿಮೆಗೆ ಇಂದು ಕಟ್ಟಿದ್ದು ಇಂದಿನ ಪಿಂಚಣಿದಾರರಿಗೆ ಹೋಗುತ್ತದೆ. ಪಿಎಫ್ ಎಂದು ಓದಿದ ಅಧಿಕಾರಿ ಅದನ್ನು ಅರ್ಜಿದಾರನ ಉಳಿತಾಯವೆಂದು ಎಣಿಸಿಯಾನು.

ಫೋಟೊ ಸರಿಯಾಗಿ ಓದಿದ್ದೀರೋ ಇಲ್ಲವೋ ಎಂದು ತಿಳಿಯಲು ಕೂಡಿ ನೋಡುವುದೇ ದಾರಿ. ನಾಲ್ಕು ವಿಮೆ ಸೇರಿ 905,10; ತೆರಿಗೆ ಸೇರಿಸಿದರೆ 1.490,76. ಒಟ್ಟು ಸಂಬಳದಿಂದ ಕಳೆದರೆ 2.709,24. ‘ನೆಟ್ಟೊ’ ಸಾಲಿನಲ್ಲೂ ಅದೇ ಇರಬೇಕು. ಮಡಿಕೆಯ ನೆರಳಲ್ಲಿ 359,10 ಎಂಬುದನ್ನು 859,10 ಎಂದು ಓದಿದ್ದರೆ ಲೆಕ್ಕ ಸರಿಯಾಗಿ ಐನೂರು ತಪ್ಪುತ್ತದೆ, ಯಾವ ಸ್ಥಾನದ ಅಂಕಿ ನೋಡಬೇಕೆಂದು ಅದೇ ಹೇಳುತ್ತದೆ. ಪಿಂಚಣಿ ವಿಮೆಯಲ್ಲಿ ನೌಕರನ ಪಾಲು ಶೇ. 9.3. ಒಂದು ಮಿತಿಯವರೆಗಿನ ಸಂಬಳಕ್ಕೆ ಈ ಪ್ರಮಾಣವೇ ಅನ್ವಯ. 4,200ಕ್ಕೆ ಅದು 390 ಯೂರೊ 60 ಸೆಂಟ್, ಆ ಸಾಲೂ ತಾಳೆಯಾಯಿತು.

ಆದರೂ ಬ್ಯಾಂಕ್ ಖಾತೆಗೆ 2.509,24 ಮಾತ್ರ ಬಂದಿರಬಹುದು. ನೆಟ್ಟೊ ಮತ್ತು ಕೊನೆಯ ಪಾವತಿ ಮೊತ್ತದ ನಡುವೆ ಇನ್ನೊಂದೆರಡು ಸಾಲು ಇರುತ್ತವೆ. ಈ ಚೀಟಿಯಲ್ಲಿ ಹಿಂದೆ ಪಡೆದ ಮುಂಗಡದ 200,00 ಮುರಿದುಕೊಂಡಿದ್ದಾರೆ. ಎರಡೂ ಮೊತ್ತವನ್ನು ಬೇರೆ ಬೇರೆ ಹೆಸರಿನಲ್ಲಿ ಬರೆಯಬೇಕು. ‘ಕೈಗೆ ಬಂದ ಸಂಬಳ’ ಎಂದು ಒಂದನ್ನೇ ಉಳಿಸಿಕೊಂಡರೆ ಖಾತೆಯ ವಿವರದ ಜೊತೆ ತಾಳೆಯಾಗದೆ ಅನುಮಾನ ಹುಟ್ಟುತ್ತದೆ.

ಇನ್ನೊಂದು ಕಡೆಯೂ ಕಣ್ಣು ತಪ್ಪುತ್ತದೆ. ಜನವರಿಯಿಂದ ಈ ತಿಂಗಳವರೆಗಿನ ಒಟ್ಟು ಲೆಕ್ಕವೂ ಅದೇ ಹಾಳೆಯಲ್ಲಿರುತ್ತದೆ. ಸಂಬಳ ಬದಲಾಗಿರದಿದ್ದರೆ ಏಪ್ರಿಲ್ ಚೀಟಿಯಲ್ಲಿ ಅದು 16.800,00. ಅದನ್ನು ತಿಂಗಳ ಸಂಬಳವೆಂದು ಓದಿದರೆ ಅರ್ಜಿಯೇ ಸುಳ್ಳಾಗುತ್ತದೆ. ಅಲ್ಲಿನ ತೆರಿಗೆ ವರ್ಷ ಜನವರಿಗೆ ಶುರುವಾಗುತ್ತದೆ, ನಮ್ಮದು ಏಪ್ರಿಲ್‌ಗೆ. ಇದನ್ನೂ ಟಿಪ್ಪಣಿಯಲ್ಲಿ ಹೇಳಿಬಿಡಿ.

ಚೀಟಿಯಲ್ಲಿ ತೆರಿಗೆ ಗುರುತಿನ ಸಂಖ್ಯೆ, ಸಾಮಾಜಿಕ ವಿಮೆಯ ಸಂಖ್ಯೆ, ಬ್ಯಾಂಕ್ ಖಾತೆ ಎಲ್ಲವೂ ಇರುತ್ತವೆ. ಅರ್ಥ ಕೇಳಲು ಮಾತ್ರ ಯಾರಿಗಾದರೂ ಕಳಿಸುವುದಾದರೆ ಅವನ್ನು ಮುಚ್ಚಿ ಕಳಿಸಿ. ಬ್ಯಾಂಕು ಅಧಿಕೃತ ಅನುವಾದವನ್ನೇ ಕೇಳಿದರೆ ಮನೆಯಲ್ಲಿ ಬರೆದದ್ದು ಸಾಲದು, ಪ್ರಮಾಣಿತ ಅನುವಾದಕರ ಮೊಹರು ಬೇಕು. ಮತ್ತು ಫೋಟೊದಲ್ಲಿ ಒಂದು ಅಂಕಿ ಮಸುಕಾಗಿದ್ದರೆ, ಕೂಡಿ ಕಳೆದು ಅದು ಇಷ್ಟೇ ಇರಬೇಕೆಂದು ಗೊತ್ತಾದರೂ ತುಂಬಬೇಡಿ. ‘ಓದಲಾಗಿಲ್ಲ’ ಎಂದು ಬರೆದು, ಮಗನಿಂದ ಪಿಡಿಎಫ್ ಪ್ರತಿ ತರಿಸಿಕೊಳ್ಳಿ.