ಟಿಪ್ಸ್ ಮಾರುವವರ ಶೇ 40ರ ಲೆಕ್ಕ

ಕುದುರೆ ರೇಸಿನ ಟಿಪ್ಸ್ ಮಾರುವವರು ಮೊದಲು ಮುಂದಿಡುವುದು ಗೆಲುವಿನ ಪ್ರಮಾಣವನ್ನು: ನೂರಕ್ಕೆ ಇಷ್ಟು ಟಿಪ್ಸ್ ಗೆದ್ದಿವೆ ಎಂದು. ಕುದುರೆಗಳ ದರ ಗೊತ್ತಿಲ್ಲದೆ ಆ ಅಂಕಿಯಿಂದ ಏನೂ ತಿಳಿಯದು. ₹100 ಕಟ್ಟಿ ಗೆದ್ದಾಗ ಅಸಲೂ ಸೇರಿ ₹150 ಮಾತ್ರ ಬರುವ ಫೇವರಿಟ್‌ಗಳನ್ನೇ ಹೇಳುವವನು ನೂರರಲ್ಲಿ 60 ಗೆಲ್ಲಿಸಿದರೂ ಅವನನ್ನು ನಂಬಿದವರಿಗೆ ನಷ್ಟವೇ. ಅಸಲು ಉಳಿಯಲು ಸುಮಾರು 67 ಗೆಲ್ಲಬೇಕು. 100ನ್ನು 150ರಿಂದ ಭಾಗಿಸಿದರೆ ಈ ಅಂಕಿ ಸಿಗುತ್ತದೆ.

ಒಬ್ಬ ಟಿಪ್‌ಸ್ಟರ್ 50 ಟಿಪ್ಸ್‌ನಲ್ಲಿ 20 ಗೆದ್ದಿದ್ದಾನೆ, ಅಂದರೆ ಶೇ 40, ಎಂದುಕೊಳ್ಳೋಣ. ಅವನು ಹೇಳಿದ ಕುದುರೆಗಳೆಲ್ಲ ಹೆಚ್ಚುಕಡಿಮೆ ಒಂದೇ ದರದವು. ₹100ಕ್ಕೆ ₹280 ಬರುತ್ತದೆ. ಅಸಲು ಉಳಿಸಿಕೊಳ್ಳಲು ಶೇ 35.7 ಸಾಕು. ಮೇಲ್ನೋಟಕ್ಕೆ ಇದು ಲಾಭದ ವ್ಯವಹಾರ.

ಆದರೆ 50 ಬಹಳ ಚಿಕ್ಕ ಸಂಖ್ಯೆ. ಎಷ್ಟು ಚಿಕ್ಕದೆಂದು ತಿಳಿಯಲು ಸಂಖ್ಯಾಶಾಸ್ತ್ರದ ವಿಶ್ವಾಸಾಂತರ ನೆರವಾಗುತ್ತದೆ. ಗೆಲುವಿನ 0.4ನ್ನು ಸೋಲಿನ 0.6ರಿಂದ ಗುಣಿಸಿ, 50ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಸುಮಾರು 0.07. ಅದರ ಎರಡು ಪಟ್ಟನ್ನು 40ರ ಆಚೀಚೆ ಹಿಡಿದರೆ ಶೇ 26ರಿಂದ 54. ಈ ರೀತಿ ಹಾಕಿದ ನೂರು ಲೆಕ್ಕಗಳಲ್ಲಿ ಸುಮಾರು 95ರಲ್ಲಿ ನಿಜವಾದ ಪ್ರಮಾಣ ಎಲ್ಲೆಯೊಳಗೇ ಇರುತ್ತದೆ. ಇಲ್ಲಿ 35.7 ಎಲ್ಲೆಯ ನಡುವೆಯೇ ಕೂತಿದೆ. ಆದ್ದರಿಂದ ಅವನು ಜಾಣನೂ ಇರಬಹುದು, ಬರೀ ಅದೃಷ್ಟವಂತನೂ ಇರಬಹುದು. ಯಾವ ವಿಶೇಷ ಜ್ಞಾನವೂ ಇಲ್ಲದೆ, ಗೆಲ್ಲುವ ಸಂಭವ ಶೇ 35.7 ಮಾತ್ರ ಇರುವ ಕುದುರೆಗಳನ್ನು ಹೇಳುತ್ತಿದ್ದರೂ ನೂರು ಜನರಲ್ಲಿ ಸುಮಾರು ಮೂವತ್ತು ಮಂದಿಗೆ 20 ಅಥವಾ ಅದಕ್ಕಿಂತ ಹೆಚ್ಚು ಗೆಲುವು ದಕ್ಕುತ್ತದೆ. ಜಾಹೀರಾತು ಹಾಕುವವರು ಆ ಮೂವತ್ತು ಮಂದಿಯೇ. ಸೋತವರು ಸದ್ದಿಲ್ಲದೆ ಅಂಗಡಿ ಮುಚ್ಚಿರುತ್ತಾರೆ.

ಟಿಪ್ಸ್ 500 ಆಗಿ 200 ಗೆದ್ದಿದ್ದರೆ ಎಲ್ಲೆ ಶೇ 35.6ರಿಂದ 44.4ಕ್ಕೆ ಕುಗ್ಗುತ್ತದೆ. ಸಂಖ್ಯೆ ಹತ್ತು ಪಟ್ಟಾದರೂ ಎಲ್ಲೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಅಷ್ಟೆ, 35.7 ಇನ್ನೂ ಅಂಚಿನಲ್ಲೇ ಇದೆ. ಹೆಚ್ಚು ದರದ, ಅಪರೂಪಕ್ಕೆ ಗೆಲ್ಲುವ ಕುದುರೆಗಳಾದರೆ ಇದಕ್ಕಿಂತಲೂ ದೊಡ್ಡ ದಾಖಲೆ ಬೇಕು. ಅದೂ ರೇಸಿಗೆ ಮುಂಚೆಯೇ ಬರೆದಿಟ್ಟ, ಸೋತದ್ದನ್ನೂ ಬಿಡದ ದಾಖಲೆ.

ಕೊನೆಗೆ ಉಳಿಯುವುದು ದರ ಯಾರಿಗೆ ಸಿಕ್ಕಿತು ಎಂಬ ಪ್ರಶ್ನೆ. ಟಿಪ್ಸ್ ಹೊರಬಿದ್ದ ಕೂಡಲೇ ಎಲ್ಲರೂ ಅದೇ ಕುದುರೆಗೆ ಕಟ್ಟುತ್ತಾರೆ, ಬುಕ್ಕಿಗಳು ದರ ಇಳಿಸುತ್ತಾರೆ. ಟಿಪ್‌ಸ್ಟರ್ ತನ್ನ ಪುಸ್ತಕದಲ್ಲಿ 280 ಎಂದು ಬರೆದುಕೊಂಡಿದ್ದರೂ ಹಣ ಕೊಟ್ಟವನಿಗೆ ದಕ್ಕಿದ್ದು 240 ಆಗಿರಬಹುದು. ಆಗ ಅಸಲಿಗೇ ಶೇ 41.7 ಗೆಲ್ಲಬೇಕು. 500 ಸಲ ನೂರು ನೂರು ಕಟ್ಟಿದರೆ ಹಾಕಿದ್ದು ₹50,000; 200 ಗೆಲುವಿಗೆ ಟಿಪ್‌ಸ್ಟರ್‌ನ ಲೆಕ್ಕದಲ್ಲಿ ಬಂದದ್ದು ₹56,000, ಗ್ರಾಹಕನ ಕೈಗೆ ಬಂದದ್ದು ₹48,000. ಟಿಪ್ಸ್‌ಗೆ ತೆತ್ತ ಹಣ ಇದರಲ್ಲಿ ಇನ್ನೂ ಸೇರಿಲ್ಲ.