ಬರೆಯದೇ ಉಳಿದ ಕ್ಷಮಾಪತ್ರ

ಅಮೆರಿಕದ ಲೇಖಕ ಟಿಮ್ ಒಬ್ರಿಯನ್ ವಿಯೆಟ್ನಾಂ ಯುದ್ಧದಲ್ಲಿ ಸೈನಿಕನಾಗಿದ್ದವರು. 1990ರಲ್ಲಿ ಪ್ರಕಟವಾದ ಅವರ ‘ದಿ ಥಿಂಗ್ಸ್ ದೆ ಕ್ಯಾರೀಡ್’ ಕೃತಿಯಲ್ಲಿ ಒಂದು ಕ್ಷಮಾಪತ್ರ ಬರುತ್ತದೆ. ಯುದ್ಧಕಥೆಯೊಳಗೆ ಪತ್ರವನ್ನು ಹೇಗೆ ಬಳಸಬಹುದು ಎಂಬುದಕ್ಕೆ ಅದು ಒಳ್ಳೆಯ ಮಾದರಿ.

ನದಿದಂಡೆಯಲ್ಲಿ, ಹಳ್ಳಿಯವರು ಶೌಚಕ್ಕೆ ಬಳಸುತ್ತಿದ್ದ ಬಯಲಿನಲ್ಲಿ, ತುಕಡಿ ರಾತ್ರಿ ಬೀಡುಬಿಡುತ್ತದೆ. ಮಳೆ, ಕತ್ತಲು. ಒಬ್ಬ ಎಳೆಯ ಸೈನಿಕ ಗೆಳೆಯ ಕಯೋವಾನಿಗೆ ತನ್ನ ಹುಡುಗಿಯ ಫೋಟೊ ತೋರಿಸಲು ಟಾರ್ಚ್ ಹಚ್ಚುತ್ತಾನೆ. ಸ್ವಲ್ಪ ಹೊತ್ತಿಗೆ ಶೆಲ್ ದಾಳಿ ಶುರುವಾಗುತ್ತದೆ. ಕಯೋವಾ ಕೆಸರಿನಲ್ಲಿ ಹೂತುಹೋಗುತ್ತಾನೆ.

ಮರುದಿನ ಶವ ಹುಡುಕುವಾಗ ಲೆಫ್ಟಿನೆಂಟ್ ಜಿಮ್ಮಿ ಕ್ರಾಸ್ ಮೃತನ ತಂದೆಗೆ ಮನಸ್ಸಿನಲ್ಲೇ ಪತ್ರ ಬರೆಯುತ್ತಾನೆ. ಒಂದು ಹಂತದಲ್ಲಿ, ಆ ಜಾಗದಲ್ಲಿ ಬೀಡುಬಿಟ್ಟ ತಪ್ಪು ತನ್ನದೇ ಎಂದು ಒಪ್ಪಿಕೊಳ್ಳುತ್ತಾನೆ. ಆಮೇಲೆ ಅದನ್ನೇ ತಿದ್ದುತ್ತಾನೆ. ‘ನಾನು’ ಹಿಂದೆ ಸರಿದು ಯುದ್ಧ ಮುಂದೆ ಬರುತ್ತದೆ. ಕೊನೆಗೆ ಬರೆಯುವುದೇ ಬೇಡವೇನೋ ಎನಿಸುತ್ತದೆ. ಅತ್ತ ಆ ಹುಡುಗ ಗೆಳೆಯನನ್ನು ಬಿಟ್ಟು ಕೆಸರಿನಲ್ಲಿ ಫೋಟೊ ತಡಕುತ್ತಿದ್ದಾನೆ. ಅವನಿಗೂ ತಪ್ಪೊಪ್ಪಿಕೊಳ್ಳಬೇಕಿದೆ, ಆದರೆ ಕೇಳುವವರಿಲ್ಲ.

ಒಬ್ಬನಿಗೆ ಪದಗಳಿವೆ, ಇನ್ನೊಬ್ಬನಿಗೆ ಪದವೂ ಸಿಗದು. ಟಾರ್ಚಿನ ಸಂಗತಿ ಓದುಗನಿಗೆ ಗೊತ್ತು, ಪತ್ರದಲ್ಲಿಲ್ಲ. ಈ ಅಂತರವೇ ಕಥೆಯ ಬಲ. ಇಂಥ ಪತ್ರ ಬರೆಯಹೊರಟ ಕತೆಗಾರರು ಕಣ್ಣೀರಿನ ಮಾತು ಪೋಣಿಸುವ ಮುನ್ನ ಒಂದನ್ನು ನಿರ್ಧರಿಸಿಕೊಳ್ಳಲಿ: ಪಾತ್ರ ಯಾವ ಕೃತ್ಯವನ್ನು ಹೆಸರಿಸುತ್ತದೆ, ಯಾವುದನ್ನು ಮುಚ್ಚಿಡುತ್ತದೆ?